ಕ್ಲೋಸ್ ಆದ ಕಾರ್ಡಿಗೆ ರಿಫಂಡ್ ಹೋದರೆ: ಬ್ಯಾಂಕಿನಿಂದ ಪಡೆಯೋದಾ, ಬೇರೆ ಖಾತೆಗೆ ಹಾಕಿಸೋದಾ, ವ್ಯಾಲೆಟ್‌ಗೆ ಒಪ್ಪೋದಾ?

‘ನಿಮ್ಮ ಹಣವನ್ನು ನೀವು ಪಾವತಿಸಿದ ಕಾರ್ಡಿಗೇ ಮರಳಿಸಲಾಗಿದೆ’ ಅಂತ ಮೆಸೇಜ್ ಬರುತ್ತದೆ. ಆ ಕಾರ್ಡನ್ನು ನೀವು ಹೋದ ತಿಂಗಳೇ ಕ್ಲೋಸ್ ಮಾಡಿಸಿ, ಕತ್ತರಿಸಿ ಎಸೆದಿದ್ದೀರಿ. ಟಿಕೆಟ್ ಕಂಪನಿಗೆ ಫೋನ್ ಮಾಡಿದರೆ ‘ನಮ್ಮ ಕಡೆಯಿಂದ ಹೋಗಿದೆ, ಬ್ಯಾಂಕನ್ನು ಕೇಳಿ’ ಅನ್ನುತ್ತಾರೆ. ಬ್ಯಾಂಕಿಗೆ ಫೋನ್ ಮಾಡಿದರೆ ‘ಆ ಕಾರ್ಡೇ ಇಲ್ಲವಲ್ಲ’ ಅನ್ನುತ್ತಾರೆ. ಇದರ ನಡುವೆ ಯಾರೋ ‘ನಮ್ಮ ವ್ಯಾಲೆಟ್‌ಗೆ ಹಾಕಿಬಿಡೋಣವಾ?’ ಅಂತ ಕೇಳುತ್ತಾರೆ. ಸಾಕಾಗಿ ಹೂಂ ಅನ್ನುವವರೇ ಜಾಸ್ತಿ. ಹಾಗೆ ಹೂಂ ಅನ್ನುವ ಮೊದಲು ಇದನ್ನು ಓದಿ. ನಿಮ್ಮ ಮುಂದೆ ಮೂರು ಮುಖ್ಯ ದಾರಿಗಳಿವೆ. ಯಾವುದು ನಿಮಗೆ ಸರಿ ಅನ್ನೋದು ನಿಮ್ಮ ಹಣ ಈಗ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ನಿಂತಿದೆ.

ಮೊದಲು ನೋಡಬೇಕಾದ್ದು: ಕಾರ್ಡ್ ಹೋಗಿದೆಯಾ, ಖಾತೆಯೂ ಹೋಗಿದೆಯಾ?

ರಿಫಂಡ್ ಹೋಗುವುದು ಕಾರ್ಡಿನ ಪ್ಲಾಸ್ಟಿಕ್‌ಗೆ ಅಲ್ಲ, ಅದರ ಹಿಂದಿರುವ ಖಾತೆಗೆ. ಈ ಒಂದು ವಿಷಯ ಸ್ಪಷ್ಟವಾದರೆ ಅರ್ಧ ಗೊಂದಲ ಮುಗಿಯುತ್ತದೆ.

ಕಾರ್ಡ್ ಬರೀ ಎಕ್ಸ್‌ಪೈರ್ ಆಗಿದ್ದರೆ, ಅಥವಾ ಕಳೆದುಹೋಗಿ ಹೊಸ ನಂಬರಿನ ಕಾರ್ಡ್ ಬಂದಿದ್ದರೆ, ಸಾಮಾನ್ಯವಾಗಿ ನೀವು ಏನೂ ಮಾಡಬೇಕಿಲ್ಲ. ಹಳೆಯ ನಂಬರ್ ಯಾರ ಖಾತೆಯದ್ದು ಅನ್ನೋದು ಬ್ಯಾಂಕಿನ ದಾಖಲೆಯಲ್ಲಿ ಇರುತ್ತದೆ, ಹಣ ಅದೇ ಖಾತೆಗೆ ಬಂದು ಬೀಳುತ್ತದೆ. ಹೊಸ ಕಾರ್ಡಿನ ಸ್ಟೇಟ್‌ಮೆಂಟ್‌ನಲ್ಲಿ ನೋಡಿದರೆ ಸಾಕು. ಡೆಬಿಟ್ ಕಾರ್ಡ್ ಬ್ಲಾಕ್ ಆಗಿದ್ದರೂ ಉಳಿತಾಯ ಖಾತೆ ನಡೀತಾ ಇದ್ದರೆ ಇದೇ ಮಾತು. ಪಾಸ್‌ಬುಕ್ಕಿನಲ್ಲಿ ಹುಡುಕಿ.

ನಿಜವಾದ ತೊಡಕು ಎರಡು ಕಡೆ ಬರುತ್ತದೆ. ಕ್ರೆಡಿಟ್ ಕಾರ್ಡನ್ನೇ ಪೂರ್ತಿ ಕ್ಲೋಸ್ ಮಾಡಿಸಿದಾಗ ಒಂದು. ಉಳಿತಾಯ ಖಾತೆಯನ್ನೇ ಮುಚ್ಚಿಸಿ, ಅದರ ಡೆಬಿಟ್ ಕಾರ್ಡಿಗೆ ರಿಫಂಡ್ ಬರಬೇಕಾದಾಗ ಇನ್ನೊಂದು. ಮೊದಲನೆಯದರಲ್ಲಿ ಹಣ ಬಹುಮಟ್ಟಿಗೆ ಹಳೆಯ ಬ್ಯಾಂಕಿನಲ್ಲೇ, ಮುಚ್ಚಿದ ಕಾರ್ಡಿನ ಲೆಕ್ಕದಲ್ಲಿ ನಿಮ್ಮ ಜಮೆಯಾಗಿ ಕೂತಿರುತ್ತದೆ. ಎರಡನೆಯದರಲ್ಲಿ ಬ್ಯಾಂಕ್ ಅದನ್ನು ತಿರಸ್ಕರಿಸಿ ಕಳಿಸಿದವರಿಗೇ ವಾಪಸ್ ಮಾಡುವ ಸಂಭವ ಜಾಸ್ತಿ. ಎರಡಕ್ಕೂ ಹಿಡಿಯಬೇಕಾದ ದಾರಿ ಬೇರೆ.

ವಿಲೀನವಾದ ಬ್ಯಾಂಕುಗಳ ಗ್ರಾಹಕರು ಹೆದರಬೇಕಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಜೊತೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕ್ ಜೊತೆ ಸೇರಿದವು. ಕಾರ್ಡ್ ಬದಲಾಗಿದ್ದರೂ ನಿಮ್ಮ ಖಾತೆ ಮುಚ್ಚಿಲ್ಲ, ಹೊಸ ಬ್ಯಾಂಕಿನ ಹೆಸರಿನಲ್ಲಿ ಮುಂದುವರಿದಿದೆ. ವಿಚಾರಿಸಬೇಕಾದ್ದು ಹೊಸ ಬ್ಯಾಂಕನ್ನು.

ಯಾವ ಅಳತೆಯಲ್ಲಿ ತೂಗಬೇಕು

ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಬರುವುದು ಎಲ್ಲಿ ಬೇಕಾದರೂ ಖರ್ಚು ಮಾಡಬಹುದಾದ ದುಡ್ಡಾ, ಇಲ್ಲ ಒಂದೇ ಅಂಗಡಿಯಲ್ಲಿ ನಡೆಯುವ ದುಡ್ಡಾ? ಹಣ ತಡವಾದರೆ ಬ್ಯಾಂಕಿನ ಮೇಲೋ ಕಂಪನಿಯ ಮೇಲೋ ಒತ್ತಡ ಹಾಕಲು ನನ್ನ ಕೈಯಲ್ಲಿ ನಿಯಮ ಇದೆಯಾ? ಎಷ್ಟು ಜನರ ಹಿಂದೆ ಓಡಾಡಬೇಕು? ಇದಕ್ಕಾಗಿ ನನ್ನ ಖಾತೆಯ ವಿವರ ಯಾರಿಗೆ ಕೊಡಬೇಕು, ಅದರಲ್ಲಿ ಮೋಸ ಹೋಗುವ ಅಪಾಯ ಎಷ್ಟು?

ಬೇಗ ಬರುತ್ತದಾ ಅನ್ನೋದನ್ನು ನಾನು ಬೇಕಂತಲೇ ಮೊದಲು ಇಟ್ಟಿಲ್ಲ. ವ್ಯಾಲೆಟ್‌ಗೆ ಹಣ ಐದೇ ನಿಮಿಷದಲ್ಲಿ ಬರುತ್ತದೆ. ಆದರೆ ಅದು ಬೇಗ ಬಂತು ಅನ್ನೋ ಒಂದೇ ಕಾರಣಕ್ಕೆ ಒಪ್ಪಿ, ಆಮೇಲೆ ಪೇಚಾಡುವವರು ತುಂಬಾ ಜನ.

ದಾರಿ ಒಂದು: ಹಳೆಯ ಕಾರ್ಡಿಗೇ ಹೋಗಲಿ, ಬ್ಯಾಂಕಿನಿಂದ ತೆಗೆದುಕೊಳ್ಳೋಣ

ಮುಚ್ಚಿದ ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿಯಾದ ದಾರಿ. ಕಾರಣ, ಇಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ನಿಮ್ಮ ಪರವಾಗಿ ನೇರವಾಗಿ ಮಾತಾಡುತ್ತದೆ. 2022ರಲ್ಲಿ ಆರ್‌ಬಿಐ ಹೊರಡಿಸಿದ ಕ್ರೆಡಿಟ್ ಕಾರ್ಡ್ ನಿಯಮಗಳ ಪ್ರಕಾರ, ಕಾರ್ಡ್ ಖಾತೆ ಮುಚ್ಚಿದ ಮೇಲೆ ಅದರಲ್ಲಿ ನಿಮ್ಮ ಹಣ ಉಳಿದಿದ್ದರೆ ಬ್ಯಾಂಕ್ ಅದನ್ನು ನಿಮ್ಮ ಬ್ಯಾಂಕ್ ಖಾತೆಗೆ ವರ್ಗಾಯಿಸಬೇಕು. ನಿಮ್ಮ ಖಾತೆಯ ವಿವರ ಅವರ ಬಳಿ ಇಲ್ಲದಿದ್ದರೆ ಅವರೇ ಕೇಳಿ ಪಡೆಯಬೇಕು. ಕಾರ್ಡ್ ಲೆಕ್ಕದಲ್ಲಿರುವ ಜಮೆಯನ್ನು ನನ್ನ ಖಾತೆಗೆ ಹಾಕಿ ಅಂತ ಗ್ರಾಹಕ ಕೋರಿದರೆ, ಕೋರಿಕೆ ತಲುಪಿದ ಮೂರು ಕೆಲಸದ ದಿನಗಳಲ್ಲಿ ಹಾಕಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ‘ಕಾರ್ಡ್ ಕ್ಲೋಸ್ ಆಗಿದೆ, ನಾವೇನೂ ಮಾಡೋಕಾಗಲ್ಲ’ ಅನ್ನುವ ಉತ್ತರಕ್ಕೆ ಇಲ್ಲಿ ಜಾಗವೇ ಇಲ್ಲ.

ಆದರೆ ಬ್ಯಾಂಕ್ ತಾನಾಗಿ ಕರೆದು ಕೊಡುತ್ತದೆ ಅಂತ ಕಾಯಬೇಡಿ. ಮುಚ್ಚಿದ ಕಾರ್ಡಿಗೆ ಬಂದ ಹಣ ಆ್ಯಪಿನಲ್ಲಿ ಕಾಣಿಸದೇ ಹೋಗಬಹುದು, ಎಸ್ಎಂಎಸ್ ಕೂಡ ಬರದೇ ಇರಬಹುದು. ಅದಕ್ಕೇ ಒಂದು ಉದಾಹರಣೆ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೀಗೆ ಅಂದುಕೊಳ್ಳಿ. ಜನವರಿಯಲ್ಲಿ ಒಬ್ಬರು ಮಂಗಳೂರಿನಿಂದ ಮುಂಬೈಗೆ ಎರಡು ವಿಮಾನ ಟಿಕೆಟನ್ನು ಒಂದು ಟ್ರಾವೆಲ್ ಸೈಟಿನಲ್ಲಿ ಬುಕ್ ಮಾಡುತ್ತಾರೆ. ಟಿಕೆಟ್ ₹18,640, ಸೈಟಿನ ಕನ್ವೀನಿಯನ್ಸ್ ಫೀ ₹700, ಒಟ್ಟು ₹19,340 ಕ್ರೆಡಿಟ್ ಕಾರ್ಡಿನಿಂದ ಹೋಗುತ್ತದೆ. ಬಿಲ್ ಪೂರ್ತಿ ಕಟ್ಟಿ, ವಾರ್ಷಿಕ ಶುಲ್ಕ ಬರುವ ಮೊದಲೇ ಫೆಬ್ರವರಿಯಲ್ಲಿ ಕಾರ್ಡ್ ಕ್ಲೋಸ್ ಮಾಡಿಸುತ್ತಾರೆ. ಮಾರ್ಚಿನಲ್ಲಿ ವಿಮಾನವೇ ರದ್ದಾಗುತ್ತದೆ. ಎರಡು ದಿನಕ್ಕೆ ‘ರಿಫಂಡ್ ಪ್ರೊಸೆಸ್ಡ್’ ಅಂತ ಮೇಲ್.

ಮೊದಲ ಕೆಲಸ, ಹಳೆಯ ಸ್ಟೇಟ್‌ಮೆಂಟ್ ತೆಗೆದು ಅದರಲ್ಲಿ ಯಾರ ಹೆಸರಿದೆ ನೋಡುವುದು. ಅಲ್ಲಿ ವಿಮಾನ ಕಂಪನಿಯ ಹೆಸರಿಲ್ಲ, ಟ್ರಾವೆಲ್ ಸೈಟಿನ ಹೆಸರಿದೆ. ಅಂದರೆ ಕಾರ್ಡಿನಿಂದ ಹಣ ಎಳೆದವರು ಅವರು, ಕಾರ್ಡಿಗೆ ವಾಪಸ್ ಹಾಕಬೇಕಾದವರೂ ಅವರೇ. ವಿಮಾನ ಕಂಪನಿಗೆ ಹತ್ತು ಸಲ ಮೇಲ್ ಹಾಕಿದರೂ ಈ ಹಂತದಲ್ಲಿ ಪ್ರಯೋಜನವಿಲ್ಲ.

ಎರಡನೆಯದು, ಆ ಸೈಟಿನವರ ಬಳಿ ಎಆರ್‌ಎನ್ ಕೇಳುವುದು. ವೀಸಾ, ಮಾಸ್ಟರ್‌ಕಾರ್ಡ್ ಮೂಲಕ ಹೋಗುವ ಪ್ರತಿ ರಿಫಂಡಿಗೂ 23 ಅಂಕಿಗಳ ಒಂದು ನಂಬರ್ ಇರುತ್ತದೆ. ಹಣ ಯಾವ ಬ್ಯಾಂಕಿನಿಂದ ಹೊರಟು ಯಾವ ಬ್ಯಾಂಕಿಗೆ ಹೋಯಿತು ಅಂತ ಹುಡುಕಲು ಬ್ಯಾಂಕಿನವರು ಬಳಸುವುದು ಇದನ್ನೇ. ಸೈಟಿನವರು ಕೊಡುವ ಬುಕಿಂಗ್ ನಂಬರ್, ಟಿಕೆಟ್ ನಂಬರ್, ಅವರದ್ದೇ ‘ರಿಫಂಡ್ ಐಡಿ’ ಇವೆಲ್ಲ ನಿಮ್ಮ ಬ್ಯಾಂಕಿಗೆ ಅರ್ಥವಾಗುವುದಿಲ್ಲ. ಕಸ್ಟಮರ್ ಕೇರಿನ ಮೊದಲ ವ್ಯಕ್ತಿಗೆ ಎಆರ್‌ಎನ್ ಅಂದರೆ ಗೊತ್ತಿಲ್ಲದೆಯೂ ಇರಬಹುದು. ಅವರ ಪೇಮೆಂಟ್ ಗೇಟ್‌ವೇಯಲ್ಲಿ ಆ ರಿಫಂಡಿನ ಎದುರು ಇರುವ ಬ್ಯಾಂಕ್ ರೆಫರೆನ್ಸ್ ನಂಬರ್ ಬೇಕು ಅಂತ ಮೇಲಿನಲ್ಲಿ ಬರೆಯಿರಿ. ಜೊತೆಗೆ ರಿಫಂಡ್ ಕಳಿಸಿದ ದಿನಾಂಕ, ಮೊತ್ತವನ್ನೂ ಕೇಳಿ.

ಮೂರನೆಯದು ಬ್ಯಾಂಕ್. ಇಲ್ಲೇ ಹೆಚ್ಚಿನವರು ಸೋಲುವುದು. ಫೋನ್ ಮಾಡಿದರೆ ಯಂತ್ರ ಕಾರ್ಡ್ ನಂಬರ್ ಕೇಳುತ್ತದೆ, ಮುಚ್ಚಿದ ನಂಬರ್ ಒತ್ತಿದರೆ ಮುಂದೆ ಹೋಗಲು ಬಿಡುವುದಿಲ್ಲ. ಮೊಬೈಲ್ ನಂಬರಿನಿಂದ ಹುಡುಕಿದರೂ ಕಾರ್ಡ್ ಸಿಗದೇ ಇರಬಹುದು. ಅದಕ್ಕೆ ಫೋನಿನಲ್ಲಿ ಹೊತ್ತು ಕಳೆಯದೆ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ವಿಭಾಗಕ್ಕೆ ಮೇಲ್ ಬರೆಯಿರಿ. ನೋಂದಾಯಿಸಿದ ಮೇಲ್ ಐಡಿಯಿಂದಲೇ ಬರೆಯಿರಿ. ಅದರಲ್ಲಿ ಹಳೆಯ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಕಾರ್ಡ್ ಮುಚ್ಚಿದ ದಿನಾಂಕ, ಎಆರ್‌ಎನ್, ರಿಫಂಡ್ ದಿನಾಂಕ, ಮೊತ್ತ, ಹಣ ಬೇಕಾದ ಉಳಿತಾಯ ಖಾತೆಯ ನಂಬರ್, ಐಎಫ್‌ಎಸ್‌ಸಿ ಇಷ್ಟಿರಲಿ. ಕ್ಯಾನ್ಸಲ್ ಮಾಡಿದ ಚೆಕ್ಕಿನ ಫೋಟೋ ಲಗತ್ತಿಸಿ. ಪೂರ್ತಿ ಕಾರ್ಡ್ ನಂಬರ್, ಸಿವಿವಿ ಬರೆಯಬೇಡಿ, ಬೇಕಾಗಿಯೂ ಇಲ್ಲ.

ಮೊತ್ತ ಬರೆಯುವಾಗ ಎಚ್ಚರ. ನಮ್ಮ ಉದಾಹರಣೆಯಲ್ಲಿ ಕನ್ವೀನಿಯನ್ಸ್ ಫೀ ವಾಪಸ್ ಬಂದಿಲ್ಲ. ಹಾಗಾಗಿ ಬ್ಯಾಂಕಿನಲ್ಲಿ ಹುಡುಕಬೇಕಾದ ಮೊತ್ತ ₹18,640. ₹19,340 ಅಂತ ಬರೆದರೆ ‘ಆ ಮೊತ್ತದ ಯಾವ ಜಮೆಯೂ ಇಲ್ಲ’ ಅಂತ ಉತ್ತರ ಬರುತ್ತದೆ. ಅವರು ಹೇಳಿದ್ದು ಸುಳ್ಳಲ್ಲ, ನೀವು ಮಾತ್ರ ಹಣ ಕಳೆದುಹೋಯಿತು ಅಂತ ಕಂಗಾಲಾಗುತ್ತೀರಿ.

ಇಷ್ಟಾದ ಮೇಲೆ ಎರಡರಲ್ಲೊಂದು ಆಗುತ್ತದೆ. ಬ್ಯಾಂಕ್ ಜಮೆ ಸಿಕ್ಕಿದೆ ಅಂತ ಹೇಳಿ ಖಾತೆಗೆ ಹಾಕುತ್ತದೆ. ಅಥವಾ, ‘ಈ ಎಆರ್‌ಎನ್‌ನ ಹಣವನ್ನು ನಾವು ಸ್ವೀಕರಿಸಿಲ್ಲ, ವಾಪಸ್ ಕಳಿಸಿದ್ದೇವೆ’ ಅನ್ನುತ್ತದೆ. ಎರಡನೆಯ ಉತ್ತರ ಬಂದರೂ ನಷ್ಟವಿಲ್ಲ. ಅದನ್ನು ಬರಹದಲ್ಲಿ ತೆಗೆದುಕೊಳ್ಳಿ. ಎರಡನೇ ದಾರಿಗೆ ಆ ಒಂದು ಇಮೇಲೇ ಬೀಗದ ಕೈ.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಓಡಾಟ ಎರಡು ಕಡೆ ಇದೆ, ಎಆರ್‌ಎನ್ ತರುವ ತನಕ ಏನೂ ಶುರುವಾಗುವುದಿಲ್ಲ. ಇನ್ನೊಂದು, ಹಳೆಯ ಕಾರ್ಡಿನಲ್ಲಿ ಬಾಕಿ ಉಳಿದು, ಬ್ಯಾಂಕೇ ಅದನ್ನು ನಿಲ್ಲಿಸಿದ್ದರೆ ಬಂದ ರಿಫಂಡ್ ಮೊದಲು ಆ ಬಾಕಿಗೆ ಹೋಗುತ್ತದೆ. ಹಾಗಿದ್ದಾಗ ಕೈಗೆ ಪೂರ್ತಿ ಹಣ ಬರುತ್ತದೆ ಅಂತ ಲೆಕ್ಕ ಹಾಕಿಕೊಳ್ಳಬೇಡಿ. ಬಾಕಿ ಕಡಿಮೆಯಾಗಿದೆಯಾ ಅಂತ ಸ್ಟೇಟ್‌ಮೆಂಟ್ ತರಿಸಿ ನೋಡಿ.

ದಾರಿ ಎರಡು: ಅಂಗಡಿಯವರೇ ಬೇರೆ ಖಾತೆಗೆ ಹಾಕಲಿ

ಕೇಳಲು ಇದೇ ಸುಲಭ ಅನ್ನಿಸುತ್ತದೆ. ‘ಹಳೆಯ ಕಾರ್ಡ್ ಬಿಡಿ, ನನ್ನ ಖಾತೆ ನಂಬರ್ ತಗೊಳ್ಳಿ, ನೆಫ್ಟ್ ಮಾಡಿ.’ ಆದರೆ ದೊಡ್ಡ ಕಂಪನಿಗಳು ಇದಕ್ಕೆ ಒಪ್ಪಲು ಹಿಂದೆಮುಂದೆ ನೋಡುತ್ತವೆ. ಅವರ ಹಿಂಜರಿಕೆಗೆ ಕಾರಣವಿದೆ. ಅಂಗಡಿಗಳ ಪರವಾಗಿ ಆನ್‌ಲೈನ್ ಪಾವತಿ ಪಡೆದು ಕೊಡುವ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ಆರ್‌ಬಿಐ ಹಾಕಿರುವ ಕಟ್ಟಳೆ ಹೀಗಿದೆ: ಹಣ ಯಾವ ಮೂಲದಿಂದ ಬಂತೋ ಅಲ್ಲಿಗೇ ರಿಫಂಡ್ ಹೋಗಬೇಕು, ಗ್ರಾಹಕ ಸ್ಪಷ್ಟವಾಗಿ ಒಪ್ಪಿದರೆ ಮಾತ್ರ ಬೇರೆ ದಾರಿ. ಕದ್ದ ಕಾರ್ಡಿನಲ್ಲಿ ಖರೀದಿಸಿ, ರದ್ದು ಮಾಡಿ, ಹಣವನ್ನು ತನ್ನ ಖಾತೆಗೆ ಹಾಕಿಸಿಕೊಳ್ಳುವ ಮೋಸ ಸುಲಭ ಅಲ್ವಾ, ಅದಕ್ಕೇ ಈ ಬಿಗಿ. ಒಂದೇ ರಿಫಂಡನ್ನು ಕಾರ್ಡಿಗೂ ಖಾತೆಗೂ ಎರಡು ಸಲ ಕೊಟ್ಟುಬಿಟ್ಟರೆ ಅನ್ನುವ ಭಯವೂ ಅವರಿಗಿದೆ.

ಆದರೆ ಕಟ್ಟಳೆಯ ಎರಡನೇ ಭಾಗವನ್ನು ಗಮನಿಸಿ. ಗ್ರಾಹಕ ಒಪ್ಪಿದರೆ ಬೇರೆ ದಾರಿ ಇದೆ. ‘ಆರ್‌ಬಿಐ ಬಿಡುವುದೇ ಇಲ್ಲ’ ಅಂತ ಯಾರಾದರೂ ಹೇಳಿದರೆ ಅದು ಪೂರ್ತಿ ಮಾತಲ್ಲ.

ಹಾಗಾದರೆ ಇದನ್ನು ಯಾವಾಗ ಕೇಳಬೇಕು? ಎರಡು ಸಂದರ್ಭದಲ್ಲಿ. ರಿಫಂಡ್ ಇನ್ನೂ ಹೊರಟೇ ಇಲ್ಲದಿದ್ದರೆ ಈಗಲೇ ಕೇಳಿ. ಮೂಲ ಖಾತೆ ಇಂಥ ದಿನ ಮುಚ್ಚಿದೆ, ಬೇರೆ ಖಾತೆಗೆ ಹಾಕಲು ನನ್ನ ಒಪ್ಪಿಗೆ ಇದೆ ಅಂತ ಮೇಲ್ ಬರೆದು, ಖಾತೆ ಮುಚ್ಚಿದ ಪತ್ರ, ಅದೇ ಹೆಸರಿನ ಹೊಸ ಖಾತೆಯ ಕ್ಯಾನ್ಸಲ್ ಮಾಡಿದ ಚೆಕ್ ಲಗತ್ತಿಸಿ. ಹೆಸರು ಹೊಂದದಿದ್ದರೆ, ಅಂದರೆ ಗಂಡನ ಕಾರ್ಡಿನ ಹಣ ಹೆಂಡತಿಯ ಖಾತೆಗೆ ಅಂತ ಕೇಳಿದರೆ, ಕೆಲಸ ಅಲ್ಲೇ ನಿಲ್ಲುತ್ತದೆ. ಎರಡನೇ ಸಂದರ್ಭ, ರಿಫಂಡ್ ಹೋಗಿ, ಬ್ಯಾಂಕ್ ತಿರಸ್ಕರಿಸಿ, ಕಂಪನಿಗೇ ವಾಪಸ್ ಬಂದಿರುವುದು. ಉಳಿತಾಯ ಖಾತೆಯನ್ನೇ ಮುಚ್ಚಿಸಿದವರು ಬಹುಪಾಲು ಇಲ್ಲಿಗೇ ಬಂದು ನಿಲ್ಲುತ್ತಾರೆ.

ಈ ಎರಡನೇ ಸಂದರ್ಭದ ತಮಾಷೆಯಲ್ಲದ ತೊಂದರೆ ಏನೆಂದರೆ, ಹಣ ವಾಪಸ್ ಬಂದದ್ದು ಕಂಪನಿಯ ಕಸ್ಟಮರ್ ಕೇರಿಗೆ ಗೊತ್ತೇ ಇರುವುದಿಲ್ಲ. ಅವರ ಪರದೆಯಲ್ಲಿ ‘ಪ್ರೊಸೆಸ್ಡ್’ ಅಂತಲೇ ಇರುತ್ತದೆ. ಆ ಪದಕ್ಕೆ ಅರ್ಥ ಇಷ್ಟೇ, ಅವರ ಗೇಟ್‌ವೇಯಿಂದ ಹೊರಟಿದೆ. ತಲುಪಿದೆ ಅಂತ ಅಲ್ಲ. ತಿರಸ್ಕೃತವಾದ ಹಣ ಕಂಪನಿಯ ಬ್ಯಾಂಕಿಗೆ ಮರಳಿ, ಅವರ ಲೆಕ್ಕಪತ್ರ ವಿಭಾಗದ ಯಾವುದೋ ಸಾಲಿನಲ್ಲಿ ಕೂರುತ್ತದೆ. ಆದ್ದರಿಂದ ‘ನನಗೆ ಹಣ ಬಂದಿಲ್ಲ’ ಅಂತ ಹತ್ತು ಸಲ ಹೇಳುವ ಬದಲು, ಬ್ಯಾಂಕ್ ಬರೆದ ಉತ್ತರವನ್ನು ಲಗತ್ತಿಸಿ ಒಂದೇ ಸಲ ಹೀಗೆ ಕೇಳಿ: ಈ ಎಆರ್‌ಎನ್‌ನ ₹18,640 ತಿರಸ್ಕೃತವಾಗಿ ನಿಮಗೆ ಮರಳಿದೆ ಅಂತ ಬ್ಯಾಂಕ್ ತಿಳಿಸಿದೆ, ನಿಮ್ಮ ಫೈನಾನ್ಸ್ ವಿಭಾಗದಿಂದ ಖಚಿತಪಡಿಸಿ, ಕೆಳಗಿನ ಖಾತೆಗೆ ಹಾಕಿ. ಬ್ಯಾಂಕಿನ ಕಾಗದ ಇಲ್ಲದೆ ಈ ಮಾತು ನಡೆಯುವುದಿಲ್ಲ, ಇದ್ದರೆ ತಪ್ಪಿಸಿಕೊಳ್ಳುವುದು ಅವರಿಗೆ ಕಷ್ಟ.

ಖಾತೆ ವಿವರ ಕೊಡುವಾಗ ವಿಲೀನವಾದ ಬ್ಯಾಂಕಿನ ಹಳೆಯ ಚೆಕ್ಕನ್ನು ಕಳಿಸಬೇಡಿ. ಅದರ ಐಎಫ್‌ಎಸ್‌ಸಿ ಈಗ ನಡೆಯುವುದಿಲ್ಲ, ಹಣ ಎರಡನೇ ಸಲ ವಾಪಸ್ ಹೋಗುತ್ತದೆ.

ಈ ದಾರಿಯ ದೊಡ್ಡ ಅಪಾಯ ಮೋಸ. ‘ರಿಫಂಡ್ ಬಂದಿಲ್ಲ’ ಅಂತ ಸೋಶಿಯಲ್ ಮೀಡಿಯಾದಲ್ಲಿ ದೂರು ಹಾಕಿದ ಅರ್ಧ ಗಂಟೆಯಲ್ಲಿ ‘ಕಂಪನಿಯಿಂದ ಮಾತಾಡ್ತಿದ್ದೇವೆ’ ಅಂತ ಫೋನ್ ಬರುತ್ತದೆ. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್‌ಗಳಲ್ಲೂ ನಕಲಿ ಇರುತ್ತವೆ. ಹಣ ಬರಲು ಖಾತೆ ನಂಬರ್, ಐಎಫ್‌ಎಸ್‌ಸಿ, ಹೆಸರು ಇಷ್ಟು ಸಾಕು. ಯುಪಿಐ ಆದರೆ ಯುಪಿಐ ಐಡಿ ಒಂದೇ ಸಾಕು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಓಟಿಪಿ ಹೇಳಬೇಕಿಲ್ಲ, ಫೋನಿನ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಬೇಕಿಲ್ಲ. ಇವುಗಳಲ್ಲಿ ಒಂದನ್ನು ಕೇಳಿದರೂ ಫೋನ್ ಇಟ್ಟುಬಿಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯ ಹಿರಿಯರ ಪರವಾಗಿ ರಿಫಂಡ್ ವಿಚಾರಿಸುತ್ತಿದ್ದರೆ ಈ ಮಾತನ್ನು ಅವರಿಗೂ ಮೊದಲೇ ಹೇಳಿಡಿ, ಫೋನ್ ಬರುವುದು ಅವರ ನಂಬರಿಗೆ.

ದಾರಿ ಮೂರು: ವ್ಯಾಲೆಟ್, ಕ್ರೆಡಿಟ್ ಶೆಲ್, ವೋಚರ್

ಓಡಾಟ ಇಲ್ಲ, ಕಾಗದ ಇಲ್ಲ, ಖಾತೆ ವಿವರ ಯಾರಿಗೂ ಕೊಡಬೇಕಿಲ್ಲ. ಹಣ ಅದೇ ದಿನ ಕಾಣಿಸುತ್ತದೆ. ಆದರೆ ಅದು ಆ ಅಂಗಡಿಯಲ್ಲೇ ಖರ್ಚಾಗಬೇಕು, ಅವಧಿ ಇರಬಹುದು, ಬ್ಯಾಂಕಿಗೆ ತಿರುಗಿಸಲು ಆಗದೇ ಇರಬಹುದು. ಒಮ್ಮೆ ಒಪ್ಪಿದ ಮೇಲೆ ಕಂಪನಿಯ ಲೆಕ್ಕದಲ್ಲಿ ರಿಫಂಡ್ ಮುಗಿಯಿತು. ‘ಬೇಡ, ದುಡ್ಡೇ ಕೊಡಿ’ ಅಂತ ಆಮೇಲೆ ಕೇಳಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ತಿಂಗಳ ದಿನಸಿಯನ್ನೇ ಆ ಆ್ಯಪಿನಿಂದ ತರಿಸುವವರಿಗೆ ₹600 ವ್ಯಾಲೆಟ್‌ಗೆ ಬಂದರೆ ಏನೂ ನಷ್ಟವಿಲ್ಲ. ಒಪ್ಪಿಕೊಳ್ಳಿ, ಅಷ್ಟಕ್ಕೆ ಎಆರ್‌ಎನ್ ಹುಡುಕುತ್ತಾ ವಾರ ಕಳೆಯುವುದು ಬೇಡ. ಆದರೆ ವರ್ಷಕ್ಕೊಮ್ಮೆ ವಿಮಾನ ಹತ್ತುವವರು ₹18,640ನ್ನು ಕ್ರೆಡಿಟ್ ಶೆಲ್‌ನಲ್ಲಿ, ಅಂದರೆ ಮುಂದಿನ ಟಿಕೆಟಿಗೆ ಬಳಸಲು ವಿಮಾನ ಕಂಪನಿಯ ಲೆಕ್ಕದಲ್ಲೇ, ಇಡಿಸಿಕೊಂಡರೆ ಅದು ಬಳಕೆಯಾಗದೆ ಹೋಗುವ ಸಂಭವ ಜಾಸ್ತಿ. ವಿಮಾನದ ವಿಷಯದಲ್ಲಿ ನಿಯಮವೂ ನಿಮ್ಮ ಕಡೆಗಿದೆ. ರಿಫಂಡ್ ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡಬೇಕೋ ಬೇಡವೋ ಅನ್ನೋದು ಪ್ರಯಾಣಿಕರ ಆಯ್ಕೆ, ಕಂಪನಿ ತಾನಾಗಿ ಹಾಗೆ ಮಾಡುವಂತಿಲ್ಲ ಅಂತ ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮದಲ್ಲಿದೆ. ‘ಕಾರ್ಡ್ ಮುಚ್ಚಿರುವುದರಿಂದ ಬೇರೆ ದಾರಿಯೇ ಇಲ್ಲ’ ಅಂತ ಹೇಳಿದರೆ ಈ ನಿಯಮ ನೆನಪಿಸಿ.

ಕೆಲವು ಕಡೆ ಚೆಕ್ ಕೊಡುತ್ತೇವೆ ಅನ್ನುತ್ತಾರೆ. ಆಸ್ಪತ್ರೆಯ ಮುಂಗಡ, ಹಾಸ್ಟೆಲ್ ಡೆಪಾಸಿಟ್ ಇಂಥದ್ದಕ್ಕೆ ಇದು ನಡೆಯುತ್ತದೆ. ಚೆಕ್ ಮೇಲಿನ ತಾರೀಕಿನಿಂದ ಮೂರು ತಿಂಗಳಲ್ಲಿ ಬ್ಯಾಂಕಿಗೆ ಹಾಕಿಬಿಡಬೇಕು, ಅಷ್ಟೇ.

ಯಾರಿಗೆ ಯಾವುದು

ಮುಚ್ಚಿದ್ದು ಕ್ರೆಡಿಟ್ ಕಾರ್ಡ್, ಮೊತ್ತ ಸಾವಿರಗಳಲ್ಲಿ ಇದೆ ಅಂದರೆ ಒಂದನೇ ದಾರಿ. ಮೂರು ದಿನದ ನಿಯಮ ಬೇರೆ ಯಾವ ದಾರಿಯಲ್ಲೂ ನಿಮ್ಮ ಬೆನ್ನಿಗಿಲ್ಲ. ಮುಚ್ಚಿದ್ದು ಉಳಿತಾಯ ಖಾತೆ ಅಂದರೆ, ಹಳೆಯ ಬ್ಯಾಂಕಿನಿಂದ ತಿರಸ್ಕರಿಸಿದ ಉತ್ತರ ಬರೆಸಿಕೊಂಡು ಎರಡನೇ ದಾರಿ. ಎರಡನ್ನೂ ಒಂದೇ ಹೊತ್ತಿಗೆ ಶುರುಮಾಡಬೇಡಿ. ಬ್ಯಾಂಕ್ ಒಂದು ಕಡೆ ಹುಡುಕುತ್ತಿರುವಾಗ ಕಂಪನಿಗೆ ‘ಬೇರೆ ಖಾತೆಗೆ ಹಾಕಿ’ ಅಂದರೆ, ಇಬ್ಬರೂ ಇನ್ನೊಬ್ಬರ ಉತ್ತರಕ್ಕೆ ಕಾಯುತ್ತಾ ಕೂರುತ್ತಾರೆ.

ಗಿಫ್ಟ್ ಕಾರ್ಡ್, ಪ್ರೀಪೇಯ್ಡ್ ಕಾರ್ಡಿನಲ್ಲಿ ಕೊಂಡಿದ್ದರೆ ಹಿಂದೆ ನಿಮ್ಮ ಹೆಸರಿನ ಬ್ಯಾಂಕ್ ಖಾತೆಯೇ ಇಲ್ಲದಿರಬಹುದು. ಅಲ್ಲಿ ಹಣ ತಿರುಗಿ ಕಾರ್ಡಿಗೇ ಹೋಗುತ್ತದೆ, ಅವಧಿ ಮುಗಿದಿದ್ದರೆ ಕಾರ್ಡ್ ಕೊಟ್ಟ ಕಂಪನಿಯನ್ನೇ ಕೇಳಬೇಕು. ಇಂಥ ಕಡೆ ಅಂಗಡಿಯ ವೋಚರ್ ಸಿಗುವುದಾದರೆ ನಾನು ಬೇಡ ಅನ್ನುವುದಿಲ್ಲ.

ಅಮೆರಿಕದಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರ ಕಥೆ ಸ್ವಲ್ಪ ಬೇರೆ. ಅಲ್ಲಿನ ಕಾರ್ಡ್ ಮುಚ್ಚಿ ಬಂದ ಮೇಲೆ ಮನೆ ಬಾಡಿಗೆಯ ಅರ್ಜಿ ಶುಲ್ಕವೋ, ಟಿಕೆಟ್ ಹಣವೋ ಅದಕ್ಕೆ ಮರಳುತ್ತದೆ. ಅಲ್ಲಿನ ಕಾನೂನಿನಲ್ಲಿ, ಕ್ರೆಡಿಟ್ ಕಾರ್ಡಿನಲ್ಲಿ ಒಂದು ಡಾಲರಿಗಿಂತ ಹೆಚ್ಚು ಜಮೆ ಇದ್ದು ನೀವು ಬರೆದು ಕೇಳಿದರೆ, ಏಳು ಕೆಲಸದ ದಿನಗಳಲ್ಲಿ ಬ್ಯಾಂಕ್ ಅದನ್ನು ಕೊಡಬೇಕು. ಆದರೆ ಅಲ್ಲಿ ಸಾಮಾನ್ಯವಾಗಿ ಚೆಕ್ ಬರೆದು ದಾಖಲೆಯಲ್ಲಿರುವ ವಿಳಾಸಕ್ಕೆ ಅಂಚೆಯಲ್ಲಿ ಹಾಕುತ್ತಾರೆ. ನಿಮ್ಮ ಹಳೆಯ ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಗೆ ಹೋಗುವ ಮೊದಲು ವಿಳಾಸ ಬದಲಿಸಿ. ಅಲ್ಲಿ ಇನ್ನೂ ಒಂದು ಬ್ಯಾಂಕ್ ಖಾತೆ ಉಳಿಸಿಕೊಂಡಿದ್ದರೆ ಅದಕ್ಕೇ ಹಾಕಲು ಕೇಳಿ. ಡಾಲರ್ ಚೆಕ್ಕನ್ನು ಇಲ್ಲಿ ನಗದು ಮಾಡಿಸುವುದು ನಿಧಾನ, ಶುಲ್ಕವೂ ಜಾಸ್ತಿ.

ಯಾರೂ ಉತ್ತರಿಸದಿದ್ದರೆ

ದೂರು ಯಾರ ಮೇಲೆ ಅನ್ನೋದು ಹಣ ಎಲ್ಲಿದೆ ಅನ್ನುವುದರ ಮೇಲೆ. ಎಆರ್‌ಎನ್ ಪ್ರಕಾರ ಹಣ ಬ್ಯಾಂಕಿಗೆ ತಲುಪಿದ್ದು, ಬ್ಯಾಂಕ್ ಕೊಡುತ್ತಿಲ್ಲ ಅಂದರೆ ಮೊದಲು ಬ್ಯಾಂಕಿಗೇ ಬರಹದಲ್ಲಿ ದೂರು ಕೊಡಿ. 30 ದಿನ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು. ಶುಲ್ಕವಿಲ್ಲ. ಮಾಹಿತಿ ಬೇಕಾದರೆ 14448ಕ್ಕೆ ಫೋನ್ ಮಾಡಿ. ಹಣ ಕಂಪನಿಯ ಬಳಿಯೇ ಇದ್ದರೆ ಒಂಬುಡ್ಸ್‌ಮನ್‌ಗೆ ಹೋಗಿ ಉಪಯೋಗವಿಲ್ಲ, ಅಂಗಡಿಗಳು ಆ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ತಡವಾದರೆ ದಿನಕ್ಕೆ ₹100 ಪರಿಹಾರ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆ ನಿಯಮ ಇರುವುದು ವಿಫಲವಾದ ವಹಿವಾಟಿಗೆ, ಅಂದರೆ ಖಾತೆಯಿಂದ ಹಣ ಕಡಿತವಾಗಿ ಖರೀದಿ ಪೂರ್ತಿಯಾಗದೇ ಹೋದಾಗ. ಖರೀದಿಯಾಗಿ, ಆಮೇಲೆ ರದ್ದಾಗಿ ಬರುವ ರಿಫಂಡಿಗೆ ಅದು ಅನ್ವಯಿಸುವುದಿಲ್ಲ. ದೂರಿನಲ್ಲಿ ಅದನ್ನು ಬರೆದರೆ ಬ್ಯಾಂಕಿನವರು ಅದೊಂದನ್ನೇ ಹಿಡಿದು ದೂರನ್ನು ತಳ್ಳಿಹಾಕಲು ದಾರಿಯಾಗುತ್ತದೆ. ಮುಚ್ಚಿದ ಕಾರ್ಡಿನ ಜಮೆಯ ನಿಯಮವನ್ನೇ ಬರೆಯಿರಿ.

ಕಾರ್ಡ್ ಇನ್ನೂ ಕ್ಲೋಸ್ ಮಾಡಿಸಿಲ್ಲ, ಮಾಡಿಸಬೇಕು ಅಂತಿದ್ದೀರಾದರೆ, ಬರಬೇಕಾದ ರಿಫಂಡ್ ಏನಾದರೂ ಇದೆಯಾ ಅಂತ ಒಮ್ಮೆ ನೋಡಿ. ಮುಂದಿನ ತಿಂಗಳ ಟಿಕೆಟ್, ಹೋಟೆಲ್ ಬುಕಿಂಗ್, ಬಾಡಿಗೆ ಫರ್ನಿಚರಿನ ಡೆಪಾಸಿಟ್ ಇವೆಲ್ಲ ನಾಳೆ ರಿಫಂಡ್ ಆಗಬಹುದಾದವು. ಇದ್ದರೆ ಅದು ಬಂದ ಮೇಲೆ ಮುಚ್ಚಿಸಿ. ವಾರ್ಷಿಕ ಶುಲ್ಕ ಬೀಳುತ್ತದೆ, ಕಾಯಲು ಆಗಲ್ಲ ಅಂದರೆ, ಮುಚ್ಚುವ ಅರ್ಜಿಯಲ್ಲೇ ನಿಮ್ಮ ಉಳಿತಾಯ ಖಾತೆಯ ನಂಬರ್ ಬರೆದು, ಮುಂದೆ ಬರುವ ಜಮೆಯನ್ನು ಇದಕ್ಕೆ ಹಾಕಿ ಅಂತ ಸೇರಿಸಿ. ಆ್ಯಪಿನ ಲಾಗಿನ್ ಹೋಗುವ ಮೊದಲು ಕೊನೆಯ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳಿ, ಕಾರ್ಡ್ ಮುಚ್ಚಿದ ಪತ್ರವನ್ನೂ ಅದೇ ಫೋಲ್ಡರಿಗೆ ಹಾಕಿ.